ಬಾಣಲೆಯಲ್ಲಿ ಕಾಫಿ ಬೀಜ ಹುರಿಯುವಾಗ ನಾನು ಕಾಯುವ ಸದ್ದು

ನಾನು ಕಾಫಿ ಬೀಜ ಹುರಿಯುವುದು ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ. ಒಂದು ಸಲಕ್ಕೆ 150 ಗ್ರಾಂ ಹಸಿ ಬೀಜ, ಅಷ್ಟೇ. ಜಾಸ್ತಿ ಹಾಕಿದರೆ ಬೀಜ ಒಂದರ ಮೇಲೊಂದು ಕೂತು, ಕೆಳಗಿನದು ಸುಟ್ಟು ಮೇಲಿನದು ಹಸಿಯಾಗಿಯೇ ಉಳಿಯುತ್ತದೆ. ನಾನು ತರುವುದು ಚಿಕ್ಕಮಗಳೂರು ಕಡೆಯ ಪ್ಲಾಂಟೇಶನ್ ಎ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ಅರೇಬಿಕಾ. ಪೀಬೆರಿ, ಅಂದರೆ ಹಣ್ಣಿನೊಳಗೆ ಎರಡರ ಬದಲು ಒಂಟಿಯಾಗಿ ಬೆಳೆದ ಬೀಜ, ಸಿಕ್ಕಿದರೆ ಇನ್ನೂ ಒಳ್ಳೆಯದು. ಗುಂಡಗಿರುವುದರಿಂದ ಬಾಣಲೆಯಲ್ಲಿ ಉರುಳಿ ಉರುಳಿ ಸಮವಾಗಿ ಹುರಿಯುತ್ತದೆ. ನಾನ್‌ಸ್ಟಿಕ್ ಪಾತ್ರೆ ಮಾತ್ರ ಬೇಡ. ಇಷ್ಟು ಕಾವಿಗೆ ಅದರ ಲೇಪನ ಹಾಳಾಗುತ್ತದೆ.

ಹೋದ ವಾರ ಹುರಿದದ್ದನ್ನೇ ಹೇಳುತ್ತೇನೆ. ಖಾಲಿ ಬಾಣಲೆಯನ್ನು ಮಧ್ಯಮ ಉರಿಯಲ್ಲಿ ಮೂರು ನಿಮಿಷ ಕಾಯಿಸಿ ಬೀಜ ಸುರಿದೆ. ಅಲ್ಲಿಂದ ಕೈ ನಿಲ್ಲಿಸಲಿಲ್ಲ. ಮರದ ಸಟ್ಟುಗದಿಂದ ತಳ ಮುಟ್ಟಿ ತಿರುವುತ್ತಲೇ ಇದ್ದೆ. ಮೊದಲ ನಾಲ್ಕು ನಿಮಿಷ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಒಳಗೆ ನೀರು ಆರುತ್ತಿರುತ್ತದೆ. ಹಸಿರು ಬಣ್ಣ ಮಾಸುತ್ತದೆ, ಒಣ ಹುಲ್ಲಿನ ವಾಸನೆ ಬರುತ್ತದೆ. ಐದನೇ ನಿಮಿಷಕ್ಕೆ ಬೀಜ ಹಳದಿಯಾಯಿತು. ಆಗ ಏಳುವ ಬೆಳ್ಳನೆಯದು ಹೊಗೆಯಲ್ಲ, ಆವಿ. ಅದನ್ನು ನೋಡಿ ಗಾಬರಿಯಾಗಿ ಉರಿ ತಗ್ಗಿಸಬೇಡಿ. ಏಳೆಂಟು ನಿಮಿಷಕ್ಕೆ ಬಣ್ಣ ಕಂದಾಗಿ, ಬ್ರೆಡ್ ಸುಡುವಾಗಿನ ಘಮ ಬಂತು. ಬೀಜದ ತೆಳು ಹೊಟ್ಟು ಬಿಟ್ಟುಕೊಂಡು ಹಾರತೊಡಗಿತು. ಈ ಹೊಟ್ಟು ಉರಿಗೆ ಬಿದ್ದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ, ಹಾಗಾಗಿ ಒಲೆಯ ಹತ್ತಿರ ಬಟ್ಟೆ, ಕಾಗದ ಇಡುವುದಿಲ್ಲ.

ಹತ್ತನೇ ನಿಮಿಷಕ್ಕೆ ಮೊದಲ ಸಿಡಿತ. ಫಸ್ಟ್ ಕ್ರ್ಯಾಕ್ ಅನ್ನುತ್ತಾರಲ್ಲ, ಅದೇ. ಒಳಗಿನ ಆವಿ ಮತ್ತು ಗಾಳಿಯ ಒತ್ತಡಕ್ಕೆ ಬೀಜ ಉಬ್ಬಿ ಬಿರಿಯುವ ಸದ್ದು ಅದು. ಜೋಳದ ಅರಳು ಸಿಡಿದ ಹಾಗೆ, ಟಪ್ ಟಪ್ ಅಂತ ಬಿಡಿಬಿಡಿಯಾಗಿ ಕೇಳಿಸುತ್ತದೆ. ಮೊದಲು ಒಂದೆರಡು, ಆಮೇಲೆ ಒಟ್ಟಿಗೆ ಹತ್ತಾರು. ಒಂದೇ ಒಂದು ಬೀಜ ಸಿಡಿದದ್ದನ್ನು ನಾನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಬೆನ್ನುಬೆನ್ನಿಗೆ ಮೂರ್ನಾಲ್ಕು ಕೇಳಿದಾಗ ಗಡಿಯಾರ ನೋಡುತ್ತೇನೆ, ಉರಿಯನ್ನು ಸ್ವಲ್ಪ ಇಳಿಸುತ್ತೇನೆ. ಅಲ್ಲಿಂದ ಎರಡು ನಿಮಿಷಕ್ಕೆ ಸದ್ದು ವಿರಳವಾಗುತ್ತದೆ. ಫಿಲ್ಟರ್ ಕಾಫಿಗೆ ಇನ್ನೊಂದು ಅರ್ಧ ನಿಮಿಷ ಬಿಟ್ಟು ಇಳಿಸುತ್ತೇನೆ. ಹಾಲು ಹಾಕದೆ ಕುಡಿಯುವುದಾದರೆ ಆ ಅರ್ಧ ನಿಮಿಷವೂ ಬೇಡ.

ಇನ್ನೂ ಬಿಟ್ಟರೆ ಎರಡನೇ ಸಿಡಿತ. ಅದರ ಸದ್ದೇ ಬೇರೆ. ಒಗ್ಗರಣೆಯಲ್ಲಿ ಸಾಸಿವೆ ಚಟಪಟ ಅನ್ನುವಂತೆ ಸಣ್ಣದು, ಬೇಗಬೇಗ. ಅಲ್ಲಿಂದ ಹೊಗೆ ದಟ್ಟವಾಗಿ ನೀಲಿಗೆ ತಿರುಗುತ್ತದೆ, ಕಣ್ಣು ಉರಿಯುತ್ತದೆ, ಬೀಜದ ಮೇಲೆ ಎಣ್ಣೆ ಮಿನುಗುತ್ತದೆ. ಮೊದಲ ಸಿಡಿತದಲ್ಲೂ ಸ್ವಲ್ಪ ಹೊಗೆ ಇದ್ದೇ ಇರುತ್ತದೆ. ಅದಕ್ಕೇ ನಾನು ಯುಟಿಲಿಟಿಯಲ್ಲಿ ಬೇರೆ ಒಲೆ ಇಟ್ಟು, ಕಿಟಕಿ ತೆರೆದು, ಅಡುಗೆಮನೆ ಬಾಗಿಲು ಹಾಕಿಕೊಂಡು ಹುರಿಯುತ್ತೇನೆ.

ಶುರುವಿನಲ್ಲಿ ನಾನು ಎಡವಿದ್ದು ಹುರಿದ ಬೀಜವನ್ನು ತಣ್ಣಗಾಗಿಸುವುದರಲ್ಲಿ. ಚೆನ್ನಾಗಿ ಹುರಿದಿದ್ದೆ, ಒಲೆ ಆರಿಸಿ ಬೀಜವನ್ನು ಬಾಣಲೆಯಲ್ಲೇ ಬಿಟ್ಟು ತಟ್ಟೆ ತರಲು ಹೋದೆ. ಬರುವಷ್ಟರಲ್ಲಿ ಸಾಸಿವೆ ಸದ್ದು ಶುರುವಾಗಿತ್ತು. ಕಬ್ಬಿಣ ಕಾವು ಬಿಡುವುದಿಲ್ಲ, ಬೀಜದೊಳಗಿನ ಕಾವೂ ತಕ್ಷಣ ಇಳಿಯುವುದಿಲ್ಲ ಅಲ್ವಾ. ಆ ಕಾಫಿ ಬರೀ ಕಹಿ. ಈಗ ಬೀಜ ಹಾಕುವ ಮೊದಲೇ ದೊಡ್ಡ ಸ್ಟೀಲ್ ಜರಡಿ, ಟೇಬಲ್ ಫ್ಯಾನ್ ಸಿದ್ಧವಾಗಿರುತ್ತವೆ. ಇಳಿಸಿದ ಕೂಡಲೇ ಜರಡಿಗೆ ಸುರಿದು, ಫ್ಯಾನಿನ ಮುಂದೆ ಹಿಡಿದು ಕುಲುಕುತ್ತೇನೆ. ಮೂರು ನಿಮಿಷದಲ್ಲಿ ಕೈಗೆ ಬೆಚ್ಚಗಾಗುತ್ತದೆ, ಹೊಟ್ಟೂ ಹಾರಿಹೋಗುತ್ತದೆ. ಮನೆಯಲ್ಲಿ ಮೊರ ಇದ್ದರೆ ಕೇರಿದರೂ ಆಯಿತು.

ಆರಿದ ಮೇಲೆ ತೂಗುತ್ತೇನೆ. ಹೋದ ವಾರ 150 ಗ್ರಾಂಗೆ 128 ಬಂತು. ಅದು ನನಗೆ ಬೇಕಾದ ಹದ. 120ಕ್ಕೆ ಇಳಿದಿದ್ದರೆ ಜಾಸ್ತಿ ಕರಿದಾಗಿದೆ ಎಂದೇ ಅರ್ಥ. ಇನ್ನೊಂದು ಪರೀಕ್ಷೆಯೂ ಇದೆ. ಒಂದು ಬೀಜವನ್ನು ಒಡೆದು ನೋಡಿ. ಹೊರಗೆ ಕರಿ, ಒಳಗೆ ತಿಳಿಯಾಗಿದ್ದು ಹುಲ್ಲಿನ ರುಚಿ ಬಂದರೆ ಉರಿ ಜೋರಾಗಿತ್ತು. ಉರಿ ತೀರಾ ಸಣ್ಣದಾದರೆ ಇಪ್ಪತ್ತು ನಿಮಿಷವಾದರೂ ಸಿಡಿತ ಸರಿಯಾಗಿ ಕೇಳಿಸುವುದಿಲ್ಲ, ಕಾಫಿ ಸಪ್ಪೆಯಾಗುತ್ತದೆ.

ಪಾಪ್‌ಕಾರ್ನ್ ಮಷೀನಿನಲ್ಲೂ ಹುರಿದಿದ್ದೇನೆ. ಬಿಸಿಗಾಳಿ ಪಕ್ಕದ ಸೀಳುಗಳಿಂದ ಬರುವಂಥದ್ದೇ ಆಗಬೇಕು. ತಳದಲ್ಲಿ ಜಾಲರಿ ಇರುವುದರಲ್ಲಿ ಹೊಟ್ಟು ಒಳಗೆ ಬಿದ್ದು ಹೊತ್ತಿಕೊಳ್ಳಬಹುದು. 80 ಗ್ರಾಂ ಹಾಕಿದರೆ ಆರೇಳು ನಿಮಿಷಕ್ಕೆ ಕೆಲಸ ಮುಗಿಯುತ್ತದೆ, ಬೀಜವೂ ಸಮವಾಗಿ ಹುರಿಯುತ್ತದೆ. ಆದರೆ ಫ್ಯಾನಿನ ಗದ್ದಲದಲ್ಲಿ ಸಿಡಿತ ಕೇಳಿಸುವುದು ಕಷ್ಟ. ನನಗೆ ಬಾಣಲೆಯೇ ಇಷ್ಟ.

ಹುರಿದ ದಿನವೇ ಡಬ್ಬಿಯ ಮುಚ್ಚಳ ಬಿಗಿ ಮಾಡುವುದಿಲ್ಲ, ಬೀಜ ಇನ್ನೂ ಇಂಗಾಲದ ಡೈಆಕ್ಸೈಡ್ ಬಿಡುತ್ತಿರುತ್ತದೆ. ಒಂದು ದಿನ ಸಡಿಲವಾಗಿಟ್ಟು ಮಾರನೇ ದಿನ ಬಿಗಿಯುತ್ತೇನೆ. ಡಿಕಾಕ್ಷನ್‌ಗೆ ಪುಡಿ ಮಾಡುವುದು ಮೂರನೇ ದಿನ ಬೆಳಿಗ್ಗೆ.