ಹಸಿರು ಅನ್ನದೆ ಚೀಲಕ್ಕೆ ಹೆಸರಿಟ್ಟದ್ದು

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಬಟ್ಟೆ ಚೀಲ ಕೇಳಿ ನೋಡಿ. ಎಷ್ಟೋ ಅಂಗಡಿಗಳಲ್ಲಿ ಕೈಗೆ ಬರುವುದು ನಾನ್‌ವೋವನ್ ಚೀಲ. ನೋಡಲು, ಮುಟ್ಟಲು ಬಟ್ಟೆಯ ಹಾಗೇ ಇರುತ್ತದೆ, ಆದರೆ ಅದು ಪಾಲಿಪ್ರೊಪಿಲಿನ್, ಅಂದರೆ ಪ್ಲಾಸ್ಟಿಕ್ಕೇ. ಅದರ ಮೇಲೆ ಎಲೆಯ ಚಿತ್ರ, ಕೆಳಗೆ ‘ಇಕೋ ಫ್ರೆಂಡ್ಲಿ’, ‘ಭೂಮಿ ಉಳಿಸಿ’ ಎಂಬ ಅಕ್ಷರ. ನಮ್ಮ ಚೀಲಕ್ಕೆ ಹೆಸರು ಹುಡುಕುವಾಗ ಎದುರಿಗಿದ್ದ ಕಷ್ಟ ಇದೇ. ಹಸಿರು, ಪ್ರಕೃತಿ, ಭೂಮಿ, ಇಕೋ ಎಂಬ ಮಾತುಗಳನ್ನೆಲ್ಲ ಆ ಚೀಲಗಳು ಆಗಲೇ ಬಳಸಿ ಮುಗಿಸಿದ್ದವು.

ನಾವು ಹೊಲಿಯುವುದು ಬೆಡ್‌ಶೀಟ್ ತಯಾರಿಕೆಯಲ್ಲಿ ಉಳಿಯುವ ಅಂಚಿನ ಪಟ್ಟಿಗಳಿಂದ. ಅವು ಮೂಟೆಗಟ್ಟಲೆ ತೂಕದ ಲೆಕ್ಕದಲ್ಲಿ ಬರುತ್ತವೆ. ಉದ್ದ ಬೇಕಾದಷ್ಟು ಸಿಗುತ್ತದೆ, ಅಗಲ ಮಾತ್ರ ಎಂಟು ಇಂಚಿನ ಆಸುಪಾಸು. ಒಂದು ಪಟ್ಟಿಯಿಂದ ಸಂತೆಗೆ ಹಿಡಿಯುವಂಥ ಚೀಲ ಆಗುವುದಿಲ್ಲ. ಹಾಗಾಗಿ ಎರಡು ಪಟ್ಟಿಗಳನ್ನು ಉದ್ದಕ್ಕೆ ಜೋಡಿಸುತ್ತೇವೆ. ಎಂಟು ಮತ್ತು ಎಂಟು ಹದಿನಾರು, ನಡುವಿನ ಹೊಲಿಗೆಗೆ ಒಂದಿಂಚು, ಎರಡು ಬದಿಯ ಹೊಲಿಗೆಗೆ ಇನ್ನೊಂದಿಂಚು ಹೋದರೆ ಹದಿನಾಲ್ಕು ಇಂಚು ಅಗಲದ ಚೀಲ. ಮೂವತ್ತೈದು ಇಂಚು ಉದ್ದ ಕತ್ತರಿಸಿ ತಳದಲ್ಲಿ ಮಡಚಿ, ಬಾಯಿಗೆ ಎರಡೂ ಕಡೆ ಒಂದೂವರೆ ಇಂಚು ಮಡಿಕೆ ಕೊಟ್ಟರೆ ಎತ್ತರ ಹದಿನಾರು ಇಂಚು ನಿಲ್ಲುತ್ತದೆ. ತಳದಲ್ಲಿ ಹೊಲಿಗೆಯೇ ಇಲ್ಲದ್ದರಿಂದ ಅಲ್ಲಿ ಬಿಚ್ಚಿಕೊಳ್ಳುವ ಭಯವಿಲ್ಲ. ಆದರೆ ಹಿಂದೆ ಮುಂದೆ ಎರಡೂ ಕಡೆ ನಟ್ಟನಡುವೆ ಒಂದು ಹೊಲಿಗೆ ಎದ್ದು ಕಾಣುತ್ತದೆ.

ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡೆವು. ನಮ್ಮದೊಂದು ಚೀಲ, ಅಂಗಡಿಯಿಂದ ತಂದ ನಾನ್‌ವೋವನ್ ಚೀಲ ಒಂದು, ಎರಡನ್ನೂ ಪಕ್ಕಪಕ್ಕ ನೇತುಹಾಕಿ ಪ್ರತಿ ಚೀಟಿಯನ್ನೂ ಎರಡರ ಮೇಲೂ ಪಿನ್ನು ಮಾಡಿ ನೋಡುವುದು. ಪ್ಲಾಸ್ಟಿಕ್ ಚೀಲದ ಮೇಲೂ ಆ ಹೆಸರು ಹೊಂದಿಕೊಂಡರೆ ಅದು ನಮಗೆ ಬೇಡ. ‘ಹಸಿರು ಹೆಜ್ಜೆ’ ಎರಡಕ್ಕೂ ಹೊಂದಿತು. ‘ಭೂಮಿ’, ‘ನಿಸರ್ಗ’ ಎರಡಕ್ಕೂ ಹೊಂದಿದವು. ‘ಪರಿಸರಸ್ನೇಹಿ’ ಅಂತೂ ಆ ಚೀಲಕ್ಕೇ ಹೆಚ್ಚು ಒಪ್ಪುವಂತಿತ್ತು, ಅಲ್ಲಿ ಎಲೆಯ ಚಿತ್ರ ಬೇರೆ ಇತ್ತಲ್ಲ.

ಉಳಿದವಕ್ಕೆ ಬೇರೆ ಬೇರೆ ತೊಡಕು. ‘ಮಿಕ್ಕಿದ್ದು’ ನನಗೆ ಇಷ್ಟವಾಗಿತ್ತು, ನೇರವಾಗಿತ್ತು, ನಿಜವೂ ಆಗಿತ್ತು. ದಿನಸಿ ಅಂಗಡಿಯವರೊಬ್ಬರು ಕೇಳಿದ ತಕ್ಷಣ, “ಅಕ್ಕಾ, ಮಿಕ್ಕಿದ್ದು ಅಂದ್ರೆ ಸಾರು-ಅನ್ನದ ನೆನಪಾಗ್ತದೆ, ಅದ್ರಾಗೆ ಬೇಳೆ ಹಾಕ್ಕೊಡಕ್ಕಾಗ್ತದಾ?” ಅಂದರು. ‘ಕತ್ತರಿ’ ಅಂದಾಗ ಅವರಿಗೆ ಇನ್ನೂ ನಗು. ಗಿರಾಕಿ ಜೇಬಿಗೆ ಕತ್ತರಿ ಹಾಕುವ ಅಂಗಡಿ ಅಂತಾರೆ, ಬೇಡ ಅಂದರು. ಹೆಸರನ್ನು ಒಂದಿಷ್ಟು ಜನರ ಬಾಯಲ್ಲಿ ಆಡಿಸದೆ ಅಚ್ಚು ಹಾಕಿಸಬಾರದು ಅನ್ನುವುದು ಇದಕ್ಕೇ.

ಸಿಕ್ಕ ಹೆಸರು ಬಂದದ್ದು ಒಂದು ದೂರಿನಿಂದ. ತರಕಾರಿ ಮಾರುವವರು ಚೀಲ ತಿರುಗಿಸಿ ನೋಡಿ, “ಏನಕ್ಕಾ, ಮಧ್ಯದಾಗೆ ಹೊಲಿಗೆ ಬಂದೈತೆ, ಹರಿದಿದ್ದು ಹೊಲ್ಕೊಟ್ಟಿದ್ದೀರಾ?” ಅಂದರು. ಹರಿದದ್ದಲ್ಲ, ಪಟ್ಟಿಯೇ ಅಷ್ಟು ಅಗಲ, ಎರಡು ಅಂಚು ಸೇರಿಸಿದ್ದೇವೆ ಎಂದು ವಿವರಿಸಿದೆ. ಆ ವಿವರಣೆಯೇ ಹೆಸರಾಯಿತು: ‘ಜೋಡಂಚು’. ನಾನ್‌ವೋವನ್ ಚೀಲಕ್ಕೆ ಪಿನ್ನು ಮಾಡಿದರೆ ಅದು ಅಲ್ಲಿ ಸುಳ್ಳಾಗುತ್ತದೆ. ನಮ್ಮ ಚೀಲದಲ್ಲಿ ಬೆರಳಿಟ್ಟು ತೋರಿಸಬಹುದು. ಕುಂದು ಅಂದುಕೊಂಡಿದ್ದ ಹೊಲಿಗೆ, ಇದು ಉಳಿಕೆ ಬಟ್ಟೆಯದು ಎಂಬುದಕ್ಕೆ ಕಣ್ಣಿಗೆ ಕಾಣುವ ಗುರುತಾಯಿತು.

ಪರಿಸರದ ಮಾತನ್ನು ಹೆಸರಿನಿಂದ ತೆಗೆದು ಕೆಳಗಿನ ಸಾಲಿಗೆ ಇಳಿಸಿದೆವು. ಆ ಸಾಲು ಬರೆಯುವುದು ಹೆಸರಿಗಿಂತ ಕಷ್ಟವಾಯಿತು. ಮೊದಲು ಬರೆದದ್ದು ‘ಪೂರ್ತಿ ಹತ್ತಿಯ ಉಳಿಕೆ ಬಟ್ಟೆಯಿಂದ’. ಅಚ್ಚಿಗೆ ಕೊಡುವ ಮುನ್ನ ಪಟ್ಟಿಗಳ ಎಳೆ ಸುಟ್ಟು ನೋಡಿದೆವು. ಹತ್ತಿಯ ಎಳೆ ಕಾಗದದಂತೆ ಉರಿದು, ಕಾಗದ ಸುಟ್ಟ ವಾಸನೆ ಬಂದು, ಉಜ್ಜಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಸೇರಿದ್ದರೆ ತುದಿ ಕರಗಿ ಗಟ್ಟಿಯಾದ ಕಪ್ಪು ಮಣಿ ಉಳಿಯುತ್ತದೆ. ಕೆಲವು ಮೂಟೆಗಳಲ್ಲಿ ಮಣಿ ಸಿಕ್ಕಿತು. ಎಷ್ಟು ಪಾಲು ಬೆರಕೆ ಎಂಬುದು ಈ ಪರೀಕ್ಷೆಯಲ್ಲಿ ತಿಳಿಯುವುದಿಲ್ಲ, ಬೆರಕೆ ಇದೆಯೋ ಇಲ್ಲವೋ ಅಷ್ಟೇ. ಆದ್ದರಿಂದ ‘ಪೂರ್ತಿ ಹತ್ತಿ’ ಹೋಯಿತು. ಕೈಗೆ ಹಾಕುವ ಪಟ್ಟಿ ಹೊಸದು, ಹೊಲಿಗೆ ದಾರ ಪಾಲಿಯೆಸ್ಟರ್. ಹಾಗಾಗಿ ‘ಪೂರ್ತಿ ಉಳಿಕೆ’ ಅನ್ನುವುದೂ ಹೋಯಿತು. ಕೊನೆಗೆ ನಿಂತ ಸಾಲುಗಳು ಇವು:

‘ಚೀಲದ ಮೈ: ಬೆಡ್‌ಶೀಟ್ ತಯಾರಿಕೆಯಲ್ಲಿ ಉಳಿದ ಅಂಚುಗಳು. ಕೈಪಟ್ಟಿ, ದಾರ: ಹೊಸದು. ಎಂಟು ಕೆಜಿ ಹೊರುತ್ತದೆ. ಒಗೆದು ಮತ್ತೆ ಬಳಸಿ.’

ಎಂಟು ಕೆಜಿ ಅನ್ನುವುದನ್ನು ಆಲೂಗಡ್ಡೆ ತುಂಬಿ ರಾತ್ರಿಯಿಡೀ ಮೊಳೆಗೆ ನೇತುಹಾಕಿ ಬರೆದದ್ದು. ಈಗಲೂ ಹೊಸ ಮೂಟೆ ಬಿಚ್ಚಿದಾಗ ಒಂದು ಚೀಲ ಹೊಲಿದು ಹಾಗೆ ತೂಗುಹಾಕುತ್ತೇವೆ. ಬಟ್ಟೆಗಿಂತ ಮೊದಲು ಸೋಲುವುದು ಕೈಪಟ್ಟಿಯ ಬುಡದ ಹೊಲಿಗೆ. ಅಲ್ಲಿ ಚೌಕ ಹೊಲಿದು ನಡುವೆ ಅಡ್ಡಗೆರೆ ಎಳೆಯದಿದ್ದರೆ ಈ ಸಾಲು ಸುಳ್ಳಾಗುತ್ತದೆ.

ಇಷ್ಟು ಎಚ್ಚರಿಕೆ ಏಕೆ ಎಂದು ಅಚ್ಚಿನವರು ಕೇಳಿದ್ದುಂಟು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಗ್ರೀನ್‌ವಾಷಿಂಗ್, ಅಂದರೆ ಪರಿಸರದ ಹೆಸರಲ್ಲಿ ದಾರಿ ತಪ್ಪಿಸುವ ಮಾತು ಹೇಳಿ ಮಾರುವುದನ್ನು ತಡೆಯುವ ಮಾರ್ಗಸೂಚಿ ಹೊರಡಿಸಿದೆ. ‘ಗ್ರೀನ್’, ‘ಇಕೋ ಫ್ರೆಂಡ್ಲಿ’ಯಂಥ ಮಾತು ಬಳಸಿದರೆ ಅದಕ್ಕೆ ವಿವರಣೆ, ಆಧಾರ ಎರಡೂ ಇರಬೇಕು. ಹೇಳುವ ಮಾತು ಇಡೀ ವಸ್ತುವಿಗೋ ಅದರ ಒಂದು ಭಾಗಕ್ಕೋ ಎಂಬುದೂ ಸ್ಪಷ್ಟವಿರಬೇಕು. ಮೈ ಬೇರೆ, ಕೈಪಟ್ಟಿ ಬೇರೆ ಎಂದು ಬರೆದದ್ದರಿಂದ ನಮಗೆ ಅದು ತಾನಾಗಿ ಸರಿಹೋಯಿತು. ಹಾಗೇ ‘ಪ್ಲಾಸ್ಟಿಕ್ ಮುಕ್ತ’ ಅಂತ ನಾವು ಬರೆಯುವಂತಿಲ್ಲ, ದಾರವೇ ಪಾಲಿಯೆಸ್ಟರ್.

ಟ್ರೇಡ್‌ಮಾರ್ಕ್ ವಿಷಯದಲ್ಲಿ ಎರಡೇ ಮಾತು. ಸರಕನ್ನು ಬರೀ ವರ್ಣಿಸುವ ಹೆಸರಿಗೆ 1999ರ ಕಾಯ್ದೆಯ 9ನೇ ಸೆಕ್ಷನ್ ಅಡ್ಡಬರುತ್ತದೆ, ಆದ್ದರಿಂದ ‘ಬಟ್ಟೆ ಚೀಲ’, ‘ಮರುಬಳಕೆ ಚೀಲ’ ನಮ್ಮದೇ ಎಂದು ಹಿಡಿದಿಟ್ಟುಕೊಳ್ಳುವುದು ಕಷ್ಟ. ಹೆಸರು ಕನ್ನಡ ಲಿಪಿಯಲ್ಲಿದ್ದರೆ ಅದರ ಉಚ್ಚಾರಣೆ ಮತ್ತು ಅರ್ಥವನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಅರ್ಜಿಯಲ್ಲಿ ಕೊಡಬೇಕು. ಮೊದಲು ಆ ಹೆಸರು ಬೇರೆಯವರದ್ದೇ ಎಂದು ಸರ್ಕಾರಿ ತಾಣದಲ್ಲಿ ಉಚಿತವಾಗಿ ಹುಡುಕಬಹುದು. ಉಚ್ಚಾರಣೆಯ ಹುಡುಕಾಟವನ್ನೂ ಮಾಡಿ, ಸ್ಪೆಲಿಂಗ್ ಬೇರೆಯಾಗಿ ಕಿವಿಗೆ ಒಂದೇ ಥರ ಕೇಳುವ ಹೆಸರುಗಳು ಅಲ್ಲಿ ಸಿಗುತ್ತವೆ.

ಬೇಕರಿಯವರೊಬ್ಬರು ಹಳೇ ಪೇಪರಿನ ಕವರನ್ನೂ ಇದೇ ಹೆಸರಲ್ಲಿ ಮಾಡಿಕೊಡಿ ಎಂದು ಕೇಳಿದರು. ಪೇಪರ್ ಕವರಿನಲ್ಲಿ ಅಂಚೂ ಇಲ್ಲ, ಜೋಡಣೆಯೂ ಇಲ್ಲ. ಮೇಲಾಗಿ ಅಚ್ಚಿನ ಶಾಯಿ ಇರುವ ಪತ್ರಿಕೆಯಲ್ಲಿ ತಿಂಡಿ ಕಟ್ಟಿಕೊಡುವುದು ಆಹಾರ ಸುರಕ್ಷತಾ ನಿಯಮಕ್ಕೇ ವಿರುದ್ಧ, ಆದ್ದರಿಂದ ಒಲ್ಲೆ ಅಂದೆ.

ಮದುವೆ ತಾಂಬೂಲದ ಚೀಲಕ್ಕೆ ಬಂದ ಆರ್ಡರಿನಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಹೆಣ್ಣಿನ ಕಡೆಯವರಿಗೆ ನಡುವೆ ಹೊಲಿಗೆ ಬೇಡ, ಅಲ್ಲಿ ವಧೂವರರ ಹೆಸರು ಅಚ್ಚಾಗಬೇಕು. ಹೊಸ ಕಾಡಾ ಬಟ್ಟೆ ತಂದು ಹೊಲಿದುಕೊಟ್ಟೆವು. ಅವಕ್ಕೆ ಜೋಡಂಚಿನ ಲೇಬಲ್ ಹಾಕಲಿಲ್ಲ, ಬಿಲ್ಲಿನಲ್ಲೂ ‘ಹೊಸ ಬಟ್ಟೆಯ ಚೀಲ’ ಎಂದೇ ಬರೆದೆವು.