ಶೇ 39ರ ಹಿಂದಿನ 13 ಮತ್ತು 8: ಸಂಶೋಧನಾ ಲೇಖನ ಪ್ರೆಸ್ ನೋಟ್ ಆಗುವಾಗ

ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿಯ ಪತ್ರಿಕೆಗಳಿಗೆ ಸಂಶೋಧನೆಗಳ ಪ್ರೆಸ್ ನೋಟ್ ಬರೆದು ಕಳಿಸುವುದು ನನ್ನ ಕೆಲಸ. ಅದರ ಬೆನ್ನಿಗೇ ವಾಟ್ಸ್ಆ್ಯಪ್‌ನಲ್ಲಿ ಓಡಾಡಲು ಒಂದು ಪುಟ್ಟ ಕಾರ್ಡ್ ಕೂಡ ಮಾಡುತ್ತೇನೆ. ಈ ಕೆಲಸದ ಕ್ರಮವನ್ನು ಒಂದೇ ಲೇಖನ ಹಿಡಿದು ಬಿಡಿಸಿ ಹೇಳುತ್ತೇನೆ: 2023ರ ಆಗಸ್ಟ್‌ನಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ‘ರೇಷನ್ಸ್’ ಅಧ್ಯಯನ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ಇದನ್ನು ನಡೆಸಿದರು. ಟಿಬಿ ರೋಗಿಯ ಮನೆಮಂದಿಗೆ ಹೆಚ್ಚುವರಿ ಆಹಾರ ಕೊಟ್ಟರೆ ಅವರಿಗೆ ಟಿಬಿ ತಗಲುವುದು ಕಡಿಮೆಯಾಗುತ್ತದೆಯೇ ಎಂಬುದು ಪ್ರಶ್ನೆ. ಈ ಲೇಖನವನ್ನೇ ಆರಿಸಲು ಕಾರಣವಿದೆ. ಫಲಿತಾಂಶ ಒಳ್ಳೆಯದು, ವಿಷಯ ಎಲ್ಲರಿಗೂ ತಿಳಿಯುವಂಥದ್ದು, ಹಾಗಾಗಿಯೇ ಇದನ್ನು ತಿರುಚದೆ ಬರೆಯುವುದು ಕಷ್ಟ.

ನಾನು ಸಾರಾಂಶದಿಂದ ಶುರು ಮಾಡುವುದಿಲ್ಲ. ಮೊದಲು ವಿಧಾನದ ಭಾಗ ಓದುತ್ತೇನೆ, ಆಮೇಲೆ ಕೋಷ್ಟಕಗಳು, ಕೊನೆಗೆ ಸಾರಾಂಶ. ಸಾರಾಂಶವನ್ನು ಮೊದಲು ಓದಿದರೆ ಅದರ ಮಾತುಗಳೇ ತಲೆಯಲ್ಲಿ ಕೂತು, ಮುಂದೆ ಓದುವುದೆಲ್ಲ ಅದಕ್ಕೆ ಸಾಕ್ಷಿ ಹುಡುಕಿದಂತಾಗುತ್ತದೆ. ಓದುತ್ತಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ: ಯಾರಿಗೆ, ಎಲ್ಲಿ, ಏನು ಕೊಟ್ಟರು, ಯಾರ ಜೊತೆ ಹೋಲಿಸಿದರು, ಏನನ್ನು ಎಣಿಸಿದರು. ಪ್ರತಿ ಉತ್ತರದ ಮುಂದೆ ಪುಟದ ಸಂಖ್ಯೆ ಇರುತ್ತದೆ. ಈ ಹಾಳೆಯಲ್ಲಿ ಇಲ್ಲದ ಮಾತು ಪ್ರೆಸ್ ನೋಟ್‌ಗೆ ಹೋಗುವುದಿಲ್ಲ.

ಈ ಲೇಖನದ ಹಾಳೆ ಹೀಗಾಗುತ್ತದೆ. ಜಾರ್ಖಂಡ್‌ನ 4 ಜಿಲ್ಲೆಗಳಲ್ಲಿ ಶ್ವಾಸಕೋಶದ ಟಿಬಿ ಖಚಿತವಾದ 2,800 ರೋಗಿಗಳು, ಅವರ ಮನೆಯ 10,345 ಜನ. ಎರಡೂ ಗುಂಪಿನ ರೋಗಿಗಳಿಗೆ ಆರು ತಿಂಗಳು ರೇಷನ್ ಸಿಕ್ಕಿತು. ವ್ಯತ್ಯಾಸವಿದ್ದದ್ದು ಮನೆಮಂದಿಯಲ್ಲಿ ಮಾತ್ರ: ಒಂದು ಗುಂಪಿನ ಮನೆಮಂದಿಗೂ ರೇಷನ್ ಕೊಟ್ಟರು, ಇನ್ನೊಂದು ಗುಂಪಿನವರಿಗೆ ಕೊಡಲಿಲ್ಲ. ದೊಡ್ಡವರಿಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ತೊಗರಿಬೇಳೆ, ಜೊತೆಗೆ ವಿಟಮಿನ್–ಖನಿಜಾಂಶದ ಗುಳಿಗೆ. ದಿನದ ಲೆಕ್ಕದಲ್ಲಿ ಇದು ಸುಮಾರು 750 ಕ್ಯಾಲೊರಿ, 23 ಗ್ರಾಂ ಪ್ರೋಟೀನ್. 2022ರ ಜುಲೈ ಕೊನೆಯವರೆಗೆ ಅವರನ್ನು ಗಮನಿಸಿ, ಹೊಸದಾಗಿ ಎಷ್ಟು ಜನರಿಗೆ ಟಿಬಿ ಬಂತೆಂದು ಎಣಿಸಿದರು.

ಪ್ರಯೋಗ ನಡೆದದ್ದು ರೋಗಿಯನ್ನು ವಾಸಿ ಮಾಡುವ ಬಗ್ಗೆ ಅಲ್ಲ, ಆರೋಗ್ಯವಾಗಿದ್ದ ಮನೆಮಂದಿಯ ಬಗ್ಗೆ ಎಂಬುದು ಈ ಹಾಳೆಯನ್ನು ಒಮ್ಮೆ ನೋಡಿದರೇ ತಿಳಿಯುತ್ತದೆ. ಆದರೂ ‘ಪೌಷ್ಟಿಕ ಆಹಾರದಿಂದ ಟಿಬಿ ಗುಣ’ ಎಂಬ ತಲೆಬರಹ ಪತ್ರಿಕೆಯ ಡೆಸ್ಕ್‌ನಲ್ಲಿ ಹುಟ್ಟುವುದು ಬಹಳ ಸುಲಭ. ನೋಟ್‌ನ ಮೊದಲ ವಾಕ್ಯದಲ್ಲೇ ‘ಮನೆಮಂದಿ’ ಇಲ್ಲದಿದ್ದರೆ ಉಪಸಂಪಾದಕರನ್ನು ದೂರಿ ಫಲವಿಲ್ಲ.

ಇನ್ನು ಅಂಕಿಗೆ ಬರೋಣ. ಲೇಖನದ ಮುಖ್ಯ ಫಲಿತಾಂಶ: ರೇಷನ್ ಪಡೆದ ಮನೆಮಂದಿಯಲ್ಲಿ ಎಲ್ಲ ಬಗೆಯ ಟಿಬಿ ಶೇ 39ರಷ್ಟು ಕಡಿಮೆ. ಈ ಶೇ 39 ಒಂಟಿಯಾಗಿ ಓಡಾಡಿದರೆ ‘ನೂರರಲ್ಲಿ 39 ಜನ ಪಾರಾದರು’ ಎಂದು ಅರ್ಥವಾಗಿಬಿಡುತ್ತದೆ. ಅದಕ್ಕಾಗಿ ಎರಡೂ ಗುಂಪಿನ ಮೂಲ ಸಂಖ್ಯೆ ಪಕ್ಕದಲ್ಲೇ ಇರಬೇಕು. ಇಲ್ಲೊಂದು ತೊಡಕಿದೆ. ಲೇಖನದಲ್ಲಿ ಮೂಲ ಸಂಖ್ಯೆ ಎರಡು ರೀತಿಯಲ್ಲಿ ಸಿಗುತ್ತದೆ. ರೇಷನ್ ಸಿಗದ ಗುಂಪಿನಲ್ಲಿ 122 ಜನರಿಗೆ, ಅಂದರೆ ಶೇ 2.6 ಜನರಿಗೆ ಟಿಬಿ ಬಂತು; ಸಿಕ್ಕ ಗುಂಪಿನಲ್ಲಿ 96 ಜನರಿಗೆ, ಶೇ 1.7. ಲೆಕ್ಕ ಬಲ್ಲ ವರದಿಗಾರರು ಇವೆರಡನ್ನು ಭಾಗಿಸಿ ನೋಡಿದರೆ ಇಳಿಕೆ ಶೇ 35ರ ಆಸುಪಾಸು ಬರುತ್ತದೆ, ಶೇ 39 ಅಲ್ಲ. ಕೂಡಲೇ ಫೋನ್ ಬರುತ್ತದೆ: “ಸರ, ನಿಮ್ಮ ಲೆಕ್ಕ ತಪ್ಪೇತೇನ್ರೀ?”

ತಪ್ಪಿಲ್ಲ. ಶೇ 39 ಬಂದದ್ದು ತಲೆ ಎಣಿಕೆಯಿಂದಲ್ಲ, ಪ್ರತಿಯೊಬ್ಬರನ್ನು ಎಷ್ಟು ಕಾಲ ಗಮನಿಸಿದರು ಎಂಬುದನ್ನೂ ಸೇರಿಸಿದ ಲೆಕ್ಕದಿಂದ. ನೂರು ಜನರನ್ನು ಒಂದು ವರ್ಷ ಗಮನಿಸಿದರೆ ರೇಷನ್ ಸಿಗದ ಗುಂಪಿನಲ್ಲಿ 1.27, ಸಿಕ್ಕ ಗುಂಪಿನಲ್ಲಿ 0.78 ಪ್ರಕರಣ. ಇವನ್ನು ಭಾಗಿಸಿದರೆ 0.61, ಅಂದರೆ ಶೇ 39ರ ಇಳಿಕೆ. ಆದ್ದರಿಂದ ಶೇ 39ರ ಜೊತೆಗೆ ಈ ಜೋಡಿಯನ್ನೇ ಇಡಬೇಕು, ಶೇ 2.6 ಮತ್ತು 1.7 ಅನ್ನು ಅದೇ ವಾಕ್ಯದಲ್ಲಿ ಬೆರೆಸಬಾರದು. 1.27 ಜನ, 0.78 ಜನ ಎಂದರೆ ಓದುಗರ ಕಣ್ಣಿಗೆ ಏನೂ ಕಾಣುವುದಿಲ್ಲ. ಹತ್ತರಿಂದ ಗುಣಿಸಿ ಸಾವಿರಕ್ಕೆ ಏರಿಸುತ್ತೇನೆ: ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು 13 ಮತ್ತು ಸುಮಾರು 8. ದುಂಡಾಗಿಸಿದ ಮೇಲೆ ಮತ್ತೆ ಭಾಗಿಸಿ ನೋಡುವುದು ರೂಢಿ. 8ನ್ನು 13ರಿಂದ ಭಾಗಿಸಿದರೂ ಶೇ 38–39ರ ಇಳಿಕೆಯೇ ಬರುತ್ತದೆ, ಅಂದಮೇಲೆ ದುಂಡು ಸಂಖ್ಯೆ ಮೋಸ ಮಾಡಿಲ್ಲ.

ಅಂದಾಜಿನ ವ್ಯಾಪ್ತಿಯನ್ನೂ ಬಿಡುವುದಿಲ್ಲ. ಲೇಖನದಲ್ಲಿ ಆ 0.61ರ ವ್ಯಾಪ್ತಿ 0.43ರಿಂದ 0.85. ಕನ್ನಡದಲ್ಲಿ: ‘ಇಳಿಕೆ ಶೇ 15ರಷ್ಟು ಕಡಿಮೆಯೂ ಇರಬಹುದು, ಶೇ 57ರಷ್ಟು ಹೆಚ್ಚೂ ಇರಬಹುದು, ಅಧ್ಯಯನದ ಉತ್ತಮ ಅಂದಾಜು ಶೇ 39.’ ಒಂದೇ ವಾಕ್ಯ. ಡೆಸ್ಕ್ ಇದನ್ನು ಕತ್ತರಿಸುವ ಸಂಭವ ಹೆಚ್ಚು, ಆದರೆ ನೋಟ್‌ನಲ್ಲಿ ಇದ್ದರೆ ಪ್ರಶ್ನೆ ಕೇಳುವವರಿಗೆ ಸಿಗುತ್ತದೆ.

ಇದೇ ಲೇಖನದಲ್ಲಿ ಇನ್ನೂ ಆಕರ್ಷಕವಾದ ಸಂಖ್ಯೆಯಿದೆ: ಪ್ರಯೋಗಾಲಯದಲ್ಲಿ ಖಚಿತಪಟ್ಟ ಶ್ವಾಸಕೋಶದ ಟಿಬಿ ಶೇ 48 ಕಡಿಮೆ. ‘ಟಿಬಿ ಅರ್ಧಕ್ಕರ್ಧ ಇಳಿಕೆ’ ಎಂದು ಹಾಕಬೇಕೆನ್ನಿಸುವುದು ಸಹಜ. ನಾನು ಅದನ್ನು ತಲೆಬರಹಕ್ಕೆ ತರುವುದಿಲ್ಲ. ಅಧ್ಯಯನ ಮೊದಲೇ ಕೇಳಿಕೊಂಡ ಪ್ರಶ್ನೆ ಎಲ್ಲ ಬಗೆಯ ಟಿಬಿಯದು, ಅದರ ಉತ್ತರ ಶೇ 39. ಶೇ 48 ಎರಡನೇ ಪ್ಯಾರಾದಲ್ಲಿ, ಯಾವ ಬಗೆಯ ಟಿಬಿ ಎಂಬ ವಿವರದ ಜೊತೆಗೇ ಬರಲಿ.

ಬಹಳ ಜನ ಎಡವುವುದು ಕ್ರಿಯಾಪದದಲ್ಲಿ. ಈ ಸಂಶೋಧಕರದೇ ಇನ್ನೊಂದು ಲೇಖನ ಅದೇ ತಿಂಗಳು ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಬಂತು. ಅದು ರೋಗಿಗಳ ಕುರಿತದ್ದು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಹೆಚ್ಚಿದವರಲ್ಲಿ ಸಾವಿನ ಅಪಾಯ ಶೇ 61 ಕಡಿಮೆ ಕಂಡುಬಂತು. ಎರಡೂ ಲೇಖನ ಒಂದೇ ಸುದ್ದಿಯಲ್ಲಿ ಸೇರಿದರೆ ‘ರೇಷನ್‌ನಿಂದ ಟಿಬಿ ಸಾವು ಶೇ 61 ಇಳಿಕೆ’ ಎಂದಾಗುತ್ತದೆ, ಮತ್ತು ಅದು ಪೂರ್ತಿ ತಪ್ಪು. ರೋಗಿಗಳೆಲ್ಲರಿಗೂ ರೇಷನ್ ಸಿಕ್ಕಿತ್ತು. ಸಿಗದ ರೋಗಿಗಳ ಗುಂಪೇ ಅಲ್ಲಿಲ್ಲ. ರೋಗದ ತೀವ್ರತೆ ಕಡಿಮೆ ಇದ್ದವರಿಗೆ ತೂಕವೂ ಬೇಗ ಏರಿರಬಹುದು, ಅವರು ಉಳಿದಿರಲೂ ಬಹುದು. ಕನ್ನಡದಲ್ಲಿ ಇದು ಒಂದು ಪ್ರತ್ಯಯದ ಮೇಲೆ ನಿಂತಿದೆ. ‘ತೂಕ ಹೆಚ್ಚಿದ್ದರಿಂದ ಸಾವು ಕಡಿಮೆಯಾಯಿತು’ ಎಂದರೆ ಕಾರಣ ಹೇಳಿದಂತೆ. ‘ತೂಕ ಹೆಚ್ಚಿದವರಲ್ಲಿ ಸಾವು ಕಡಿಮೆ ಕಂಡುಬಂತು’ ಎಂದರೆ ನೋಡಿದ್ದನ್ನಷ್ಟೇ ಹೇಳಿದಂತೆ. ಕರಡು ಮುಗಿದ ಮೇಲೆ ‘ಇಂದ’ ಎಂದು ಕೊನೆಗೊಳ್ಳುವ ಪದಗಳನ್ನೆಲ್ಲ ಒಂದೊಂದಾಗಿ ಹುಡುಕಿ, ಆ ವಾಕ್ಯಕ್ಕೆ ಲೇಖನದಲ್ಲಿ ಆಧಾರವಿದೆಯೇ ಎಂದು ನೋಡುತ್ತೇನೆ. ಮೊದಲ ಲೇಖನದಲ್ಲಿ ‘ರೇಷನ್‌ನಿಂದ’ ಎನ್ನಲು ಅಡ್ಡಿಯಿಲ್ಲ, ಏಕೆಂದರೆ ಅಲ್ಲಿ ಯಾರಿಗೆ ಸಿಗಬೇಕೆಂಬುದನ್ನು ಚೀಟಿ ಎತ್ತುವಂಥ ಕ್ರಮದಲ್ಲಿ, ಟಿಬಿ ಚಿಕಿತ್ಸೆ ನೋಡಿಕೊಳ್ಳುವ ಸರ್ಕಾರಿ ಘಟಕವಾರು ನಿರ್ಧರಿಸಿದ್ದರು.

ಈ ಜಾಗರೂಕತೆ ಅತಿಯಾಯಿತು ಎನ್ನುವವರಿಗೆ ಒಂದು ಮಾತು. 2014ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಬಂದ ಅಧ್ಯಯನವೊಂದು ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳ 462 ಪ್ರೆಸ್ ನೋಟ್‌ಗಳನ್ನು ಮೂಲ ಲೇಖನಗಳ ಜೊತೆ ಇಟ್ಟು ನೋಡಿತು. ಮೂರರಲ್ಲಿ ಒಂದರಷ್ಟು ನೋಟ್‌ಗಳಲ್ಲಿ ಕಾರಣ–ಪರಿಣಾಮದ ಮಾತು ಲೇಖನಕ್ಕಿಂತ ಮುಂದೆ ಹೋಗಿತ್ತು. ನೋಟ್‌ನಲ್ಲಿ ಉಬ್ಬಿಸಿದ್ದೇ ಸುದ್ದಿಯಲ್ಲೂ ಉಬ್ಬಿತ್ತು. ಉಬ್ಬಿಸಿದ್ದರಿಂದ ಪ್ರಚಾರ ಹೆಚ್ಚು ಸಿಕ್ಕಿತು ಎನ್ನಲು ಮಾತ್ರ ಗಟ್ಟಿ ಪುರಾವೆ ಕಾಣಲಿಲ್ಲ.

ಊರಿಗೆ ಹೊಂದಿಸುವ ಆಸೆಯೂ ತಿರುಚುವಿಕೆಗೆ ದಾರಿ. ನಮ್ಮ ಭಾಗದ ಓದುಗರಿಗೆ ಹತ್ತಿರವಾಗಲೆಂದು ‘ಜೋಳದ ರೊಟ್ಟಿ, ಬೇಳೆ’ ಎಂದು ಬರೆದರೆ ಚೆಂದ ಕಾಣುತ್ತದೆ. ಆದರೆ ಕೊಟ್ಟದ್ದು ಅಕ್ಕಿ, ತೊಗರಿಬೇಳೆ ಮತ್ತು ಗುಳಿಗೆ. ಜೋಳವನ್ನು ಅಲ್ಲಿ ಯಾರೂ ಪರೀಕ್ಷಿಸಿಲ್ಲ. ಊರಿನ ಸಂಬಂಧ ಬೇಕೆಂದರೆ ಅದಕ್ಕೆ ಬೇರೆ ಪ್ಯಾರಾ ಇದೆ: ಸ್ಥಳೀಯ ವೈದ್ಯರ ಹೇಳಿಕೆ, ಅವರದೇ ಮಾತು ಎಂಬ ಗುರುತಿನೊಂದಿಗೆ. ಅದರ ಪಕ್ಕದಲ್ಲೇ ‘ಅಧ್ಯಯನ ನಡೆದದ್ದು ಅಪೌಷ್ಟಿಕತೆ ಹೆಚ್ಚಿರುವ ಜಾರ್ಖಂಡ್‌ನಲ್ಲಿ, ಬೇರೆ ಕಡೆ ಪರಿಣಾಮ ಇಷ್ಟೇ ಇರುತ್ತದೆ ಎಂದು ಇದರಿಂದ ಹೇಳಲಾಗದು’ ಎಂಬ ವಾಕ್ಯ.

ಇಷ್ಟಾದ ಮೇಲೆ ಬರೆಯುವುದು ಅರ್ಧ ಗಂಟೆಯ ಕೆಲಸ. ತಲೆಬರಹ: ‘ಟಿಬಿ ರೋಗಿಯ ಮನೆಮಂದಿಗೆ ರೇಷನ್: ಹೊಸ ಟಿಬಿ ಪ್ರಕರಣ ಇಳಿಕೆ’. ಮೊದಲ ಪ್ಯಾರಾ:

‘ಟಿಬಿ ರೋಗಿಯ ಮನೆಮಂದಿಗೆ ಪ್ರತಿ ತಿಂಗಳು ಅಕ್ಕಿ, ಬೇಳೆ ಮತ್ತು ವಿಟಮಿನ್ ಗುಳಿಗೆ ಕೊಟ್ಟಾಗ ಅವರಲ್ಲಿ ಹೊಸದಾಗಿ ಟಿಬಿ ಬರುವುದು ಶೇ 39ರಷ್ಟು ಕಡಿಮೆಯಾಯಿತು ಎಂದು ಜಾರ್ಖಂಡ್‌ನಲ್ಲಿ ನಡೆದ ಅಧ್ಯಯನ ತಿಳಿಸಿದೆ. ರೇಷನ್ ಸಿಗದ ಮನೆಮಂದಿಯಲ್ಲಿ ಸಾವಿರಕ್ಕೆ ವರ್ಷದಲ್ಲಿ ಸುಮಾರು 13 ಜನರಿಗೆ ಟಿಬಿ ಬಂದರೆ, ಸಿಕ್ಕವರಲ್ಲಿ ಸುಮಾರು 8 ಜನರಿಗೆ ಬಂತು. ಎರಡೂ ಕಡೆಯ ರೋಗಿಗಳಿಗೆ ಎಂದಿನ ಚಿಕಿತ್ಸೆ ಮತ್ತು ರೇಷನ್ ಸಿಕ್ಕಿತ್ತು.’

ಒಟ್ಟು ನೋಟ್ 300 ಪದ ಮೀರಬಾರದು. ಪಿಡಿಎಫ್ ಮಾತ್ರ ಕಳಿಸಿದರೆ ಡೆಸ್ಕ್‌ನಲ್ಲಿ ಮತ್ತೆ ಟೈಪ್ ಮಾಡುತ್ತಾರೆ, 0.78 ಎಂಬುದು 78 ಆಗುವುದು ಅಲ್ಲೇ. ಆದ್ದರಿಂದ ಯೂನಿಕೋಡ್ ಪಠ್ಯವನ್ನು ಮೇಲ್‌ನಲ್ಲೇ ಅಂಟಿಸುತ್ತೇನೆ. ನೋಟ್‌ನಲ್ಲಿ ದಶಮಾಂಶ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು.

ಕಾರ್ಡ್‌ನ ನಿಯಮ ಬೇರೆ. ಚಿತ್ರ ಮುಂದೆ ಹೋಗುತ್ತದೆ, ಜೊತೆಗೆ ಬರೆದ ಮಾತು ಹಿಂದೆ ಉಳಿಯುತ್ತದೆ. ಹಾಗಾಗಿ ಎಚ್ಚರಿಕೆಯ ಸಾಲು ಚಿತ್ರದೊಳಗೇ, ಅಂಕಿಯಷ್ಟೇ ದಪ್ಪ ಅಕ್ಷರದಲ್ಲಿ ಇರಬೇಕು:

‘ಟಿಬಿ ರೋಗಿಯ ಮನೆಮಂದಿಗೆ ಹೆಚ್ಚುವರಿ ಆಹಾರ ಕೊಟ್ಟಾಗ ಏನಾಯಿತು?
ಸಿಗದವರಲ್ಲಿ: ಸಾವಿರಕ್ಕೆ ವರ್ಷಕ್ಕೆ ಸುಮಾರು 13 ಹೊಸ ಟಿಬಿ.
ಸಿಕ್ಕವರಲ್ಲಿ: ಸುಮಾರು 8.
ಆಹಾರ ಔಷಧಿಗೆ ಬದಲಿ ಅಲ್ಲ. ರೋಗಿ ಗುಳಿಗೆ ಬಿಡಬಾರದು.
ಜಾರ್ಖಂಡ್‌ನ 10,345 ಜನರ ಅಧ್ಯಯನ, ಲ್ಯಾನ್ಸೆಟ್, ಆಗಸ್ಟ್ 2023’

ಕಾರ್ಡ್‌ನಲ್ಲಿ ಶೇ 39 ಇಲ್ಲ, ಬೇಕೆಂದೇ ಬಿಟ್ಟಿದ್ದೇನೆ. ವಿವರಿಸಲು ಜಾಗವಿಲ್ಲದ ಕಡೆ ಶೇಕಡಾವಾರು ಇಳಿಕೆಯನ್ನು ಹಾಕುವುದಿಲ್ಲ.

ಪರಿಶೀಲನೆ ಎರಡು ಕಡೆ. ಸಂಶೋಧಕರಿಗೆ ‘ಸರಿ ಇದೆಯೇ’ ಎಂದು ಕೇಳಿದರೆ ‘ಸರಿ ಇದೆ’ ಎಂಬ ಉತ್ತರವೇ ಬರುತ್ತದೆ. ಬದಲಿಗೆ ‘ಈ ವಾಕ್ಯಗಳಲ್ಲಿ ನಿಮ್ಮ ಲೇಖನ ಹೇಳದ್ದು ಯಾವುದು?’ ಎಂದು ಕೇಳಿ, ಅಂಕಿಯಿರುವ ವಾಕ್ಯಗಳನ್ನಷ್ಟೇ ಪುಟದ ಸಂಖ್ಯೆಯೊಂದಿಗೆ ಕಳಿಸುತ್ತೇನೆ. ಇನ್ನೊಂದು ಕಡೆ, ವಿಷಯ ಗೊತ್ತಿಲ್ಲದ ಒಬ್ಬರಿಗೆ ಕಾರ್ಡ್ ತೋರಿಸಿ, ಚಿತ್ರ ಮುಚ್ಚಿ, “ಏನ್ ತಿಳೀತ್ರೀ?” ಎಂದು ಕೇಳುವುದು. “ಅನ್ನ ಬ್ಯಾಳಿ ಉಂಡ್ರ ಟಿಬಿ ಹೋಗ್ತದಂತ” ಎಂಬ ಉತ್ತರ ಬಂದರೆ ‘ಮನೆಮಂದಿ’ ಎಂಬ ಪದ ಅವರ ಕಣ್ಣಿಗೆ ಬಿದ್ದಿಲ್ಲ. ಅದನ್ನು ಇನ್ನೂ ದೊಡ್ಡದಾಗಿಸಬೇಕು. “ಮನ್ಯಾಗಿನ ಮಂದಿಗೆ ಬರೋದು ಕಡಿಮಿ ಆತಂತ” ಎಂದರೆ ಕಳಿಸಬಹುದು.

ಕಾರ್ಡ್‌ನ ಮೂಲೆಯಲ್ಲಿ ತಯಾರಿಸಿದ ದಿನಾಂಕ ಇರಲಿ. ಮುಂದೆ ಏನಾದರೂ ತಿದ್ದಿದರೆ ಹಳೆಯದು ಗುಂಪುಗಳಲ್ಲಿ ತಿರುಗುತ್ತಲೇ ಇರುತ್ತದೆ. ಯಾವುದು ಹೊಸದೆಂದು ಹೇಳಲು ಆ ದಿನಾಂಕ ಬಿಟ್ಟರೆ ಬೇರೆ ಗುರುತಿಲ್ಲ.