ಒಂದೇ ಹೆಡ್‌ಫೋನ್, ಫೋನಿಗೂ ಲ್ಯಾಪ್‌ಟಾಪಿಗೂ: ಮಲ್ಟಿಪಾಯಿಂಟನ್ನು ನಾನು ಪಳಗಿಸಿಕೊಂಡ ಬಗೆ

ಮನೆಯಿಂದ ಕೆಲಸ ಮಾಡುವವರಿಗೆ ಗೊತ್ತಿರುವ ಗೋಳು ಇದು. ಹೆಡ್‌ಫೋನ್ ಲ್ಯಾಪ್‌ಟಾಪಿಗೆ ಕನೆಕ್ಟ್ ಆಗಿರುತ್ತದೆ, ಫೋನ್ ಬರುತ್ತದೆ. ಹೆಡ್‌ಫೋನ್ ತೆಗೆದು ಫೋನ್ ಕಿವಿಗಿಡಬೇಕು, ಇಲ್ಲಾ ಬ್ಲೂಟೂತ್ ಬದಲಾಯಿಸುತ್ತ ಕೂರಬೇಕು. ಅಷ್ಟರಲ್ಲಿ ಕಾಲ್ ಕಟ್ ಆಗಿರುತ್ತದೆ. ಇದನ್ನು ತಪ್ಪಿಸುವುದಕ್ಕೇ ಮಲ್ಟಿಪಾಯಿಂಟ್ ಇರುವ ಹೆಡ್‌ಫೋನ್ ತಗೊಂಡೆ. ಡಬ್ಬ ಬಿಚ್ಚಿದ ತಕ್ಷಣ ಎಲ್ಲ ಸಲೀಸಾಗಿಬಿಡಲಿಲ್ಲ. ಆದರೆ ಒಳಗೆ ಏನು ನಡೆಯುತ್ತಿದೆ ಅನ್ನುವುದು ಅರ್ಥವಾದ ಮೇಲೆ, ಕೆಲವು ಸೆಟ್ಟಿಂಗ್ ಬದಲಾಯಿಸಿದ್ದಕ್ಕೇ ತಲೆನೋವು ಹೋಯಿತು. ನನ್ನದು ವಿಂಡೋಸ್ 11 ಲ್ಯಾಪ್‌ಟಾಪ್, ಆಂಡ್ರಾಯ್ಡ್ ಫೋನ್.

ಮಲ್ಟಿಪಾಯಿಂಟ್ ಅಂದರೆ ಹೆಡ್‌ಫೋನ್ ಏಕಕಾಲಕ್ಕೆ ಎರಡು ಕಡೆ ಕನೆಕ್ಟ್ ಆಗಿರುತ್ತದೆ, ಅಷ್ಟೇ. ಎರಡರ ಸದ್ದೂ ಬೆರೆತು ಕೇಳಿಸುತ್ತದೆ ಅಂತಲ್ಲ. ಕೇಳಿಸುವುದು ಒಂದರದ್ದೇ. ಯಾವುದರದ್ದು ಅಂತ ತೀರ್ಮಾನಿಸುವುದು ಹೆಡ್‌ಫೋನ್. ಫೋನಿಗೆ ಲ್ಯಾಪ್‌ಟಾಪ್ ಇದೆ ಅನ್ನುವುದೂ ಗೊತ್ತಿರುವುದಿಲ್ಲ, ಲ್ಯಾಪ್‌ಟಾಪಿಗೆ ಫೋನ್ ಇದೆ ಅನ್ನುವುದೂ ಗೊತ್ತಿರುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುವ ಎಲ್ಲ ತರಲೆಗೂ ಇದೇ ಮೂಲ.

ಮೊದಲು ಜೋಡಿಸುವ ಕೆಲಸ. ಬಹಳ ಹೆಡ್‌ಫೋನ್‌ಗಳಲ್ಲಿ ಮಲ್ಟಿಪಾಯಿಂಟ್ ಆನ್ ಆಗಿ ಬರುವುದಿಲ್ಲ. ಕಂಪನಿಯ ಆ್ಯಪ್ ಹಾಕಿಕೊಂಡು ಅದರೊಳಗೆ ಹುಡುಕಿ ಆನ್ ಮಾಡಬೇಕು. ಆಮೇಲೆ ಫೋನಿಗೆ ಪೇರ್ ಮಾಡಿದೆ. ನಂತರ ಹೆಡ್‌ಫೋನಿನ ಬಟನ್ ಒತ್ತಿ ಹಿಡಿದು, ಲೈಟು ಮಿಟುಕುವ ಪೇರಿಂಗ್ ಮೋಡಿಗೆ ತಂದು, ಲ್ಯಾಪ್‌ಟಾಪಿನಲ್ಲಿ `Settings > Bluetooth & devices > Add device` ಒತ್ತಿದೆ. ಹೀಗೆ ಮಾಡುವಾಗ ಫೋನಿನ ಕನೆಕ್ಷನ್ ಕಡಿದು ಹೋಗುವುದು ಮಾಮೂಲಿ. ಗಾಬರಿ ಬೇಡ, ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಹೆಡ್‌ಫೋನಿನ ಹೆಸರನ್ನು ಇನ್ನೊಮ್ಮೆ ಒತ್ತಿದರಾಯಿತು. ಪಟ್ಟಿಯಲ್ಲಿ ಕೆಲವೊಮ್ಮೆ ಅದೇ ಹೆಸರು `LE_` ಅಂತ ಶುರುವಾಗಿ ಇನ್ನೊಂದು ಸಲ ಕಾಣುತ್ತದೆ. ಅದನ್ನು ಬಿಟ್ಟು ಬರೀ ಹೆಸರಿರುವುದನ್ನು ಆರಿಸಿ. ಕೊನೆಗೆ ಎರಡೂ ಪರದೆ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಒಟ್ಟಿಗೇ "ಕನೆಕ್ಟೆಡ್" ಅಂತ ಇರಬೇಕು. ಒಂದು ಕನೆಕ್ಟ್ ಆದಾಗ ಇನ್ನೊಂದು ಬಿಟ್ಟುಹೋಗುತ್ತಿದ್ದರೆ ಮಲ್ಟಿಪಾಯಿಂಟ್ ಇನ್ನೂ ಆಫ್ ಇದೆ ಅಂತಲೇ ಅರ್ಥ.

ಇಲ್ಲಿಗೆ ಎಲ್ಲ ಆಯಿತು ಅನ್ನಿಸುತ್ತದೆ, ಅಲ್ವಾ? ನಿಜವಾದ ಆಟ ಮೀಟಿಂಗ್ ಮುಗಿದ ಮೇಲೆ ಶುರುವಾಯಿತು.

ಮೀಟಿಂಗ್ ಮುಗಿಸಿ ಫೋನಿನಲ್ಲಿ ಹಾಡು ಹಾಕಿದೆ. ಫೋನಿನ ಪರದೆಯಲ್ಲಿ ಹಾಡು ಓಡುತ್ತಿದೆ, ಸೆಕೆಂಡುಗಳು ಸರಿಯುತ್ತಿವೆ, ಕಿವಿಯಲ್ಲಿ ಮಾತ್ರ ಏನೂ ಇಲ್ಲ. ಲ್ಯಾಪ್‌ಟಾಪಿನಲ್ಲೂ ಯಾವ ಸದ್ದೂ ಇಲ್ಲ. ಹೆಡ್‌ಫೋನ್ ಕೆಟ್ಟಿತೇ ಅಂದರೆ ಅದೂ ಅಲ್ಲ.

ಕಾರಣ ಇದು. ಲ್ಯಾಪ್‌ಟಾಪಿನಲ್ಲಿ ಸದ್ದು ಇದೆಯೋ ಇಲ್ಲವೋ ಅಂತ ಹೆಡ್‌ಫೋನ್ ಕಿವಿಗೊಟ್ಟು ಕೇಳುವುದಿಲ್ಲ. ಲ್ಯಾಪ್‌ಟಾಪ್ ತನಗೆ ಆಡಿಯೋ ಕಳಿಸುವ ದಾರಿ ತೆರೆದಿಟ್ಟಿದೆಯೋ ಇಲ್ಲವೋ ಅಂತಷ್ಟೇ ನೋಡುತ್ತದೆ. ಬ್ಲೂಟೂತಿನಲ್ಲಿ ಹಾಡು ಶುರುವಾಗುವಾಗ ಒಂದು "ಶುರು" ಸಂದೇಶ ಹೋಗುತ್ತದೆ, ನಿಂತಾಗ "ನಿಲ್ಲಿಸು" ಸಂದೇಶ ಹೋಗುತ್ತದೆ. ಶುರುವಿಗೂ ನಿಲ್ಲಿಸುವುದಕ್ಕೂ ನಡುವೆ ಲ್ಯಾಪ್‌ಟಾಪ್ ಬರೀ ಮೌನವನ್ನೇ ಕಳಿಸುತ್ತಿದ್ದರೂ, ಹೆಡ್‌ಫೋನ್ ಲೆಕ್ಕದಲ್ಲಿ ಅದು "ಪ್ಲೇ ಆಗುತ್ತಿದೆ". ಬ್ರೌಸರಿನಲ್ಲಿ ಮೀಟಿಂಗ್ ಮುಗಿದ ಮೇಲೂ ಆ ಟ್ಯಾಬ್ ತೆರೆದೇ ಇದ್ದರೆ ಅದು ಈ ದಾರಿಯನ್ನು ಹಿಡಿದುಕೊಂಡಿರಬಹುದು. ಹಲವು ಹೆಡ್‌ಫೋನ್‌ಗಳು ಮೊದಲು ಬಂದವರಿಗೆ ಮೊದಲ ಜಾಗ ಅನ್ನುತ್ತವೆ, ಹೀಗಾಗಿ ಫೋನಿನ ಹಾಡು ಹೊರಗೇ ಕಾಯುತ್ತದೆ. ಕೊನೆಗೆ ಪ್ಲೇ ಒತ್ತಿದವರಿಗೆ ಜಾಗ ಬಿಡುವ ಮಾಡೆಲ್‌ಗಳೂ ಇವೆ. ನಿಮ್ಮದು ಯಾವ ಜಾತಿ ಅಂತ ತಿಳಿಯಲು ಸುಲಭ. ಲ್ಯಾಪ್‌ಟಾಪಿನಲ್ಲಿ ಹಾಡು ಓಡುತ್ತಿರುವಾಗಲೇ ಫೋನಿನಲ್ಲಿ ಇನ್ನೊಂದು ಹಾಕಿ ನೋಡಿ.

ದಾರಿ ಹಿಡಿದಿರುವುದು ಯಾರು ಅಂತ ಊಹಿಸುತ್ತ ಕೂರಬೇಕಿಲ್ಲ. ಟರ್ಮಿನಲ್ಲನ್ನು ಅಡ್ಮಿನ್ ಆಗಿ ತೆರೆದು ಇದನ್ನು ಕೊಡಿ:

```
powercfg /requests
```

ಕಂಪ್ಯೂಟರನ್ನು ನಿದ್ದೆಗೆ ಹೋಗದಂತೆ ತಡೆದಿರುವುದು ಯಾವುದು ಅಂತ ತೋರಿಸಲು ಇರುವ ಕಮಾಂಡ್ ಇದು. ನಮಗೆ ಬೇಕಾದ ಉತ್ತರವೂ ಇದರಲ್ಲೇ ಸಿಗುತ್ತದೆ. `SYSTEM` ಅನ್ನುವ ಜಾಗದಲ್ಲಿ `An audio stream is currently in use.` ಅಂತ ಕಂಡರೆ, ಮೌನವಾಗಿಯಾದರೂ ಯಾವುದೋ ಆಡಿಯೋ ತೆರೆದಿದೆ ಅಂತ. ಎಷ್ಟೋ ಸಲ ಬ್ರೌಸರಿನ ಹೆಸರೂ ಅಲ್ಲೇ ಸಿಕ್ಕಿಬೀಳುತ್ತದೆ. ನಾನು ಮೀಟಿಂಗಿನ ಟ್ಯಾಬ್ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಕಮಾಂಡನ್ನು ಮತ್ತೆ ಕೊಟ್ಟೆ. ಆ ಸಾಲು ಮಾಯ. ಫೋನಿನಲ್ಲಿ ಪಾಜ್ ಮಾಡಿ ಪ್ಲೇ ಒತ್ತಿದೆ, ಹಾಡು ಬಂತು. ಅಂದಿನಿಂದ ಮೀಟಿಂಗ್ ಮುಗಿದರೆ ಟ್ಯಾಬ್ ಮುಚ್ಚುವುದು ರೂಢಿ.

ಇದರ ಚಿಕ್ಕ ತಮ್ಮ ಇನ್ನೊಂದಿದೆ, ನೋಟಿಫಿಕೇಶನ್ ಸದ್ದು. ಫೋನಿನಲ್ಲಿ ಹಾಡು ಕೇಳುತ್ತಿರುವಾಗ ಲ್ಯಾಪ್‌ಟಾಪಿಗೆ ಮೇಲ್ ಬಂದು "ಟಿಂಗ್" ಅಂದರೆ, ಕೆಲವು ಹೆಡ್‌ಫೋನ್‌ಗಳು ಹಾಡು ನಿಲ್ಲಿಸಿ ಆ ಟಿಂಗ್ ಕೇಳಿಸಲು ಓಡುತ್ತವೆ. ವಾಪಸು ಬರಲು ಒಂದೆರಡು ಸೆಕೆಂಡು. ದಿನಕ್ಕೆ ಹತ್ತಾರು ಸಲ ಹೀಗಾದರೆ ಯಾರಿಗೆ ಬೇಕು? ನಾನು ರನ್ ಬಾಕ್ಸಿನಲ್ಲಿ `mmsys.cpl` ಕೊಟ್ಟು, `Sounds` ಟ್ಯಾಬಿನಲ್ಲಿ `No Sounds` ಆರಿಸಿದೆ. ಮೇಲ್, ಚಾಟ್ ಆ್ಯಪ್‌ಗಳು ತಮ್ಮದೇ ಸದ್ದು ಮಾಡುವುದಾದರೆ `Settings > System > Sound > Volume mixer` ಒಳಗೆ ಆ ಆ್ಯಪಿನ `Output device` ಜಾಗದಲ್ಲಿ ಲ್ಯಾಪ್‌ಟಾಪಿನ ಸ್ಪೀಕರನ್ನೇ ಹಾಕಬಹುದು. ಆಗ ಟಿಂಗ್ ಮೇಜಿನ ಮೇಲೆ ಕೇಳಿಸುತ್ತದೆ, ಹೆಡ್‌ಫೋನ್ ತಂಟೆಗೆ ಬರುವುದಿಲ್ಲ.

ಇನ್ನು ಮೈಕಿನ ವಿಷಯ. ಬ್ಲೂಟೂತ್ ಹೆಡ್‌ಫೋನಿಗೆ ಎರಡು ಮುಖ. ಹಾಡು ಕೇಳುವಾಗ ಎರಡೂ ಕಿವಿಗೆ ಬೇರೆಬೇರೆಯಾಗಿ ಒಳ್ಳೇ ಸ್ಟೀರಿಯೋ ಸದ್ದು ಬರುತ್ತದೆ. ಮೈಕ್ ಬೇಕು ಅಂದ ಕೂಡಲೇ ಅದು ಕಾಲ್ ಮಾಡುವ ಮೋಡಿಗೆ ಹೊರಳುತ್ತದೆ. ಅಲ್ಲಿ ಸಾಮಾನ್ಯವಾಗಿ ಸಿಗುವುದು 8 ಅಥವಾ 16 ಕಿಲೋಹರ್ಟ್ಸ್‌ನ ಮೋನೋ ಸದ್ದು, ಹಾಡಿಗಿರುವ 44.1ರ ಮುಂದೆ ತೀರಾ ಕಡಿಮೆ. ನನ್ನ ಜೊತೆ ಕೆಲಸ ಮಾಡುವ ಹುಡುಗಿ ಒಮ್ಮೆ "ಸರ್, ನಿಮ್ಮ ದನಿ ಬಾವಿಯೊಳಗಿಂದ ಬಂದ ಹಾಗಿದೆ" ಅಂದಳು. ನನಗೂ ಅವಳ ದನಿ ಹಾಗೇ ಕೇಳುತ್ತಿತ್ತು.

ಅದಕ್ಕೆ ಮೀಟಿಂಗ್ ಆ್ಯಪಿನಲ್ಲಿ ಸ್ಪೀಕರ್ ಜಾಗಕ್ಕೆ ಹೆಡ್‌ಫೋನ್, ಮೈಕ್ ಜಾಗಕ್ಕೆ ಲ್ಯಾಪ್‌ಟಾಪಿನ ಒಳಗಿನ ಮೈಕ್ ಆರಿಸಿದೆ. ನನ್ನದರಲ್ಲಿ ಅದು `Microphone Array` ಅಂತ ಕಾಣುತ್ತದೆ. ಸದ್ದು ತಕ್ಷಣ ತಿಳಿಯಾಯಿತು. ಆದರೂ ಯಾವುದಾದರೂ ಆ್ಯಪ್ ತಾನಾಗಿ ಹೆಡ್‌ಫೋನ್ ಮೈಕ್ ಹಿಡಿದುಕೊಳ್ಳುವ ಚಾಳಿ ಇಟ್ಟುಕೊಂಡಿದ್ದರೆ ಬೇರೆ ದಾರಿ ಇದೆ. `Bluetooth & devices > Devices` ಪುಟದ ಕೊನೆಯಲ್ಲಿ `More devices and printer settings` ಒತ್ತಿ, ಹೆಡ್‌ಫೋನ್ ಮೇಲೆ ರೈಟ್ ಕ್ಲಿಕ್ ಮಾಡಿ `Properties`, ಅದರಲ್ಲಿ `Services`, ಅಲ್ಲಿ `Handsfree Telephony` ಎದುರಿನ ಟಿಕ್ ತೆಗೆಯಿರಿ. ಆಮೇಲೆ ಲ್ಯಾಪ್‌ಟಾಪಿಗೆ ಹೆಡ್‌ಫೋನ್ ಕೇಳುವುದಕ್ಕೆ ಮಾತ್ರ. ಮೈಕ್ ಫೋನಿನ ಪಾಲಿಗೆ ಉಳಿಯುತ್ತದೆ.

ಆದರೆ ಈ ಏರ್ಪಾಡಿನಲ್ಲಿ ಒಂದು ಅಪಾಯ ಇದೆ, ಬಿಡಿಸಿ ಹೇಳುತ್ತೇನೆ. ಮೀಟಿಂಗಿನಲ್ಲಿ ಇದ್ದೀರಿ, ಮೈಕ್ ಆನ್ ಇದೆ. ಅಮ್ಮನ ಫೋನ್ ಬರುತ್ತದೆ. ಕಾಲ್‌ಗೆ ಯಾವಾಗಲೂ ಮೊದಲ ಮರ್ಯಾದೆ, ಆದ್ದರಿಂದ ಮೀಟಿಂಗಿನ ಸದ್ದು ನಿಂತು ಕಿವಿಯಲ್ಲಿ ರಿಂಗ್ ಕೇಳುತ್ತದೆ. ಹೆಡ್‌ಫೋನ್ ಬಟನ್ ಒತ್ತಿ ಎತ್ತುತ್ತೀರಿ. ಈಗ ಅಮ್ಮನಿಗೆ ನಿಮ್ಮ ಮಾತು ಹೋಗುವುದು ಹೆಡ್‌ಫೋನಿನ ಮೈಕಿನಿಂದ. ಲ್ಯಾಪ್‌ಟಾಪಿನ ಮೈಕ್ ಅದರ ಪಾಡಿಗೆ ತೆರೆದೇ ಇದೆ, ಅದಕ್ಕೆ ಇದ್ಯಾವುದೂ ಗೊತ್ತಿಲ್ಲ. "ಸಾರಿಗೆ ಬೇಳೆ ಹಾಕಿದೀನಮ್ಮ" ಅಂದಿದ್ದು ಮ್ಯಾನೇಜರ್‌ಗೂ ಹೋಗುತ್ತದೆ. ಅವರು ನಕ್ಕು ಏನಾದರೂ ಅಂದರೂ ನಿಮಗೆ ಕೇಳಿಸುವುದಿಲ್ಲ, ಮೀಟಿಂಗಿನ ಸದ್ದು ನಿಂತಿರುತ್ತದಲ್ಲ. ಅದಕ್ಕೆ ನನ್ನ ನಿಯಮ: ರಿಂಗ್ ಕೇಳಿದ ಕೂಡಲೇ ಕೈ ಮೊದಲು ಕೀಬೋರ್ಡಿಗೆ ಹೋಗಬೇಕು, ಮೀಟಿಂಗ್ ಮ್ಯೂಟ್ ಆಗಬೇಕು, ಆಮೇಲೆ ಹೆಡ್‌ಫೋನ್ ಬಟನ್. ಕಾಲ್ ಕಟ್ ಮಾಡಿದ ಒಂದೆರಡು ಸೆಕೆಂಡಿಗೆ ಮೀಟಿಂಗ್ ಸದ್ದು ತಾನೇ ವಾಪಸು ಬರುತ್ತದೆ. ಬರಲಿಲ್ಲ ಅಂದರೆ ಮೀಟಿಂಗ್ ಆ್ಯಪಿನಲ್ಲಿ ಸ್ಪೀಕರನ್ನು ಒಮ್ಮೆ ಬದಲಾಯಿಸಿ ಮತ್ತೆ ಹೆಡ್‌ಫೋನಿಗೆ ತನ್ನಿ.

ಕೆಲಸದ ಹೊತ್ತಿನಲ್ಲಿ ನನಗೆ ಫೋನಿನಿಂದ ಬೇಕಾಗಿರುವುದು ಕಾಲ್ ಮಾತ್ರ. ವಾಟ್ಸಾಪಿಗೆ ಬಂದ ವಿಡಿಯೋ ಒತ್ತಿದರೆ ಅದು ಮೀಟಿಂಗ್ ಜೊತೆ ಜಗಳಕ್ಕೆ ಬೀಳಬಾರದು. ಇದಕ್ಕೆ ಆಂಡ್ರಾಯ್ಡಿನಲ್ಲಿ ಚಂದದ ಉಪಾಯ ಇದೆ. ಬ್ಲೂಟೂತ್ ಪಟ್ಟಿಯಲ್ಲಿ ಹೆಡ್‌ಫೋನಿನ ಪಕ್ಕದ ಗೇರ್ ಚಿಹ್ನೆ ಒತ್ತಿದರೆ `Phone calls`, `Media audio` ಅಂತ ಬೇರೆಬೇರೆ ಸ್ವಿಚ್ ಸಿಗುತ್ತವೆ. ಹೆಸರು ಫೋನಿನಿಂದ ಫೋನಿಗೆ ಚೂರು ಬದಲಾಗಬಹುದು. `Media audio` ಆಫ್ ಮಾಡಿದರೆ ಫೋನಿನ ವಿಡಿಯೋ, ಹಾಡು ಫೋನಿನ ಸ್ಪೀಕರಿನಲ್ಲೇ ಬರುತ್ತವೆ, ಕಾಲ್ ಮಾತ್ರ ಹೆಡ್‌ಫೋನಿಗೆ. ಸಂಜೆ ವಾಕಿಂಗ್ ಹೊರಡುವಾಗ ಮತ್ತೆ ಆನ್. ಐಫೋನಿನಲ್ಲಿ ಹೀಗೆ ಬೇರೆಬೇರೆ ಸ್ವಿಚ್ ಇಲ್ಲ, ಅದನ್ನು ಬಳಸುವವರು ಫೋನಿನಲ್ಲಿ ಪಾಜ್ ಮಾಡುತ್ತ ಇರಬೇಕಷ್ಟೇ. ಅಂದ ಹಾಗೆ ಏರ್‌ಪಾಡ್ಸ್ ಸಾಧನದಿಂದ ಸಾಧನಕ್ಕೆ ಹಾರುವುದು ಮಲ್ಟಿಪಾಯಿಂಟ್ ಅಲ್ಲ. ಅದು ಒಂದೇ ಆ್ಯಪಲ್ ಅಕೌಂಟಿನ ಸಾಧನಗಳ ನಡುವೆ ಮಾತ್ರ ನಡೆಯುವ ಏರ್ಪಾಡು, ವಿಂಡೋಸ್ ಲ್ಯಾಪ್‌ಟಾಪಿಗೆ ಅದು ಒದಗುವುದಿಲ್ಲ.

ಸದ್ದಿನ ಗುಣಮಟ್ಟದ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳುವವರಿಗೆ ಒಂದು ಮಾತು. ಕೆಲವು ಮಾಡೆಲ್‌ಗಳಲ್ಲಿ ಮಲ್ಟಿಪಾಯಿಂಟ್ ಆನ್ ಮಾಡಿದರೆ, ಹೆಚ್ಚು ಗುಣಮಟ್ಟದಲ್ಲಿ ಸದ್ದು ಕಳಿಸಲು ಇರುವ LDAC ಕೊಡೆಕ್ ಆಫ್ ಆಗುತ್ತದೆ. ನನಗೆ ಅದರಿಂದ ಏನೂ ನಷ್ಟ ಅನ್ನಿಸಲಿಲ್ಲ.

ಫೋನನ್ನು ಅಡುಗೆಮನೆಯಲ್ಲಿ ಬಿಟ್ಟು ಬಂದರೆ ಲ್ಯಾಪ್‌ಟಾಪಿನ ಸದ್ದು ಆಗಾಗ ತುಂಡುತುಂಡಾಗುವುದನ್ನೂ ಗಮನಿಸಿದ್ದೇನೆ. ದೂರ ಹೋದ ಫೋನನ್ನು ಹಿಡಿದುಕೊಳ್ಳಲು, ಕಡಿದರೆ ಮತ್ತೆ ಹುಡುಕಲು, ಹೆಡ್‌ಫೋನ್ ತನ್ನ ರೇಡಿಯೋ ಸಮಯವನ್ನು ಖರ್ಚು ಮಾಡುತ್ತಿರುತ್ತದೆ. ಫೋನನ್ನು ಮೇಜಿಗೆ ತಂದಿಟ್ಟರೆ ಸರಿಹೋಗುತ್ತದೆ. ಎರಡೂ ಹತ್ತಿರವಿದ್ದೂ ತುಂಡಾಗುತ್ತಿದ್ದರೆ ಲ್ಯಾಪ್‌ಟಾಪಿನ ವೈಫೈ 2.4 ಗಿಗಾಹರ್ಟ್ಸ್‌ನಲ್ಲಿದೆಯಾ ನೋಡಿ. ಬ್ಲೂಟೂತ್ ಕೂಡ ಅದೇ ಅಲೆಯಲ್ಲಿ ಓಡುವುದು. ರೂಟರಿನ 5 ಗಿಗಾಹರ್ಟ್ಸ್ ಹೆಸರಿಗೆ ಕನೆಕ್ಟ್ ಮಾಡಿಕೊಂಡರೆ ಆ ಕಿರಿಕಿರಿ ಬಹುಮಟ್ಟಿಗೆ ಹೋಗುತ್ತದೆ.

ಮನೆಯ ಟ್ಯಾಬ್ಲೆಟ್ಟೂ ಇದೇ ಹೆಡ್‌ಫೋನಿಗೆ ಪೇರ್ ಆಗಿದ್ದರೆ ಮಾತ್ರ ಹುಷಾರು. ಹೆಡ್‌ಫೋನ್ ಹಲವು ಸಾಧನಗಳನ್ನು ನೆನಪಿಟ್ಟುಕೊಂಡರೂ ಒಂದು ಹೊತ್ತಿಗೆ ಕನೆಕ್ಟ್ ಆಗುವುದು ಸಾಮಾನ್ಯವಾಗಿ ಎರಡಕ್ಕೇ. ಮಗಳು ಟ್ಯಾಬ್ಲೆಟ್ಟಿನಲ್ಲಿ ಹೆಡ್‌ಫೋನಿನ ಹೆಸರು ಒತ್ತಿದರೆ ನನ್ನ ಫೋನೋ ಲ್ಯಾಪ್‌ಟಾಪೋ ಹೊರಬೀಳುತ್ತದೆ. ಟ್ಯಾಬ್ಲೆಟ್ಟಿನಲ್ಲಿ `Forget` ಒತ್ತಿ ಅದನ್ನು ಪಟ್ಟಿಯಿಂದಲೇ ತೆಗೆದಿದ್ದೇನೆ. ಅವಳಿಗೆ ವೈರ್ ಇರುವ ಇಯರ್‌ಫೋನ್ ಕೊಡಿಸಿದ್ದಾಯಿತು.